‘ನಾಮ’ ಹೋಗಿ ‘ನಾವು’ ಆದ ಪುಟ

ಕಂಪ್ಯೂಟರಿನ ತೆರೆಯ ಮೇಲೆ ‘ದವು೯ಕೆ’ ಎಂಬ ಪದ ಬಂದು ಕೂತಿತ್ತು. ಅದರ ಕೆಳಗಿನ ಸಾಲಿನ ನಡುವೆ, ಯಾವ ಪದಕ್ಕೂ ಸೇರದ ಒಂದು ‘ಕ’ ಅನಾಥವಾಗಿ ನಿಂತಿತ್ತು. ಪಕ್ಕದಲ್ಲಿ ತೆರೆದಿಟ್ಟಿದ್ದ ಪುಟದ ಚಿತ್ರದಲ್ಲಿ ಅದೇ ಜಾಗವನ್ನು ಹಿಗ್ಗಿಸಿ ನೋಡಿದೆ. ಅಲ್ಲಿದ್ದದ್ದು ‘ಧರ್ಮಕ್ಕೆ’. ಮೊಳೆ ಜೋಡಿಸಿ ಅಚ್ಚು ಹಾಕಿದ ಹಳೆಯ ಪುಸ್ತಕ, ಒಂದು ಊರಿನ ದೇವಸ್ಥಾನ ಮತ್ತು ದತ್ತಿಗಳ ಕಥೆ. ಸ್ಕ್ಯಾನ್ ಮಾಡಿದ ಪುಟವನ್ನು ಯಂತ್ರ ಓದಿ ಅಕ್ಷರಕ್ಕಿಳಿಸಿತ್ತು. ಒಂದೇ ಪದದಲ್ಲಿ ಅದು ನಾಲ್ಕು ಕಡೆ ಎಡವಿತ್ತು.

ಈ ನಾಲ್ಕು ತಪ್ಪುಗಳನ್ನು ಒಂದೊಂದಾಗಿ ಬಿಡಿಸಿದರೆ ಹಳೆಯ ಕನ್ನಡ ಪುಟಗಳನ್ನು ತಿದ್ದುವ ಕೆಲಸದ ಮುಕ್ಕಾಲು ಪಾಲು ಅರ್ಥವಾಗುತ್ತದೆ. ‘ಧ’ದ ಅಡಿಯಲ್ಲಿರುವ ಪುಟ್ಟ ಸೀಳಿನಲ್ಲಿ ಶಾಯಿ ತುಂಬಿಕೊಂಡು ಅದು ‘ದ’ ಆಗಿತ್ತು. ‘ಮ’ ನಡುವೆ ಒಡೆದು ‘ವು’ ಆಗಿತ್ತು. ಅರ್ಕಾವೊತ್ತು ಒಂಬತ್ತರ ಅಂಕಿಯಾಗಿತ್ತು. ‘ಕ್ಕೆ’ಯ ಒತ್ತು ತನ್ನ ಅಕ್ಷರವನ್ನು ಬಿಟ್ಟು ಕೆಳಗಿನ ಸಾಲಿಗೆ ಜಾರಿತ್ತು. ಒಂದು ಕಡೆ ಕೂಡಬಾರದ್ದು ಕೂಡಿತ್ತು, ಮಿಕ್ಕ ಕಡೆ ಕೂಡಿರಬೇಕಾದದ್ದು ಒಡೆದಿತ್ತು.

ಕೂಡುವುದೂ ಒಡೆಯುವುದೂ ಬೇರೆ ಬೇರೆ ರೋಗಗಳಂತೆ ಕಾಣುತ್ತವೆ. ನಾನೂ ಬಹಳ ದಿನ ಹಾಗೆಂದೇ ತಿಳಿದಿದ್ದೆ. ಎರಡಕ್ಕೂ ಬೇರು ಒಂದೇ.

ಸ್ಕ್ಯಾನ್ ಮಾಡಿದ ಚಿತ್ರ ಸಣ್ಣ ಸಣ್ಣ ಚುಕ್ಕೆಗಳಿಂದ, ಅಂದರೆ ಪಿಕ್ಸೆಲ್‌ಗಳಿಂದ ಆದದ್ದು. ಇಂಚಿಗೆ 300 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ 12 ಪಾಯಿಂಟಿನ ಮೊಳೆಯ ಎತ್ತರ 50 ಚುಕ್ಕೆ. ಒಂದು ಚುಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತಲೂ ಚಿಕ್ಕದು. ‘ಧ’ದ ಸೀಳು ಇರುವುದು ಅಂಥ ಎರಡು ಮೂರು ಚುಕ್ಕೆಗಳಷ್ಟು ಅಗಲ. ಒಂದು ಅಕ್ಷರದ ತಲೆಕಟ್ಟಿನ ತುದಿಗೂ ಮುಂದಿನ ಅಕ್ಷರದ ಬೆನ್ನಿಗೂ ನಡುವೆ ಇರುವ ಬೆಳಕೂ ಅಷ್ಟೇ. ಹಿಂದಿಯಂತೆ ಕನ್ನಡಕ್ಕೆ ಅಕ್ಷರಗಳನ್ನೆಲ್ಲ ಹೆಣೆಯುವ ಮೇಲ್ಗೆರೆ ಇಲ್ಲ. ನಮ್ಮ ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಆದ್ದರಿಂದ ಆ ಕೂದಲೆಳೆಯಷ್ಟು ಬೆಳಕನ್ನು ನಂಬಿಯೇ ಯಂತ್ರ ಇಲ್ಲಿ ಒಂದು ಅಕ್ಷರ ಮುಗಿಯಿತು, ಇನ್ನೊಂದು ಶುರುವಾಯಿತು ಎಂದು ತಿಳಿಯುತ್ತದೆ.

ಈಗ ಕಾಗದವನ್ನು ನೋಡಿ. ಪ್ರತಿ ಚುಕ್ಕೆಗೂ ಯಂತ್ರದಲ್ಲಿ 0ಯಿಂದ 255ರವರೆಗೆ ಒಂದು ಅಂಕಿ ಇರುತ್ತದೆ. 0 ಎಂದರೆ ಅಚ್ಚ ಕಪ್ಪು, 255 ಎಂದರೆ ಅಚ್ಚ ಬಿಳಿ. ಹಳೆಯ ಕಾಗದ ಕಂದಿ 190ರ ಸುಮಾರಿಗೆ ಇಳಿದಿರಬಹುದು. ದಟ್ಟ ಶಾಯಿ 60. ಶಾಯಿ ಒಸರಿ ಹರಡಿದ ಅಂಚು 140. ಮೊಳೆ ಸವೆದಿದ್ದ ಕಡೆ ಮೂಡಿದ ತೆಳು ಗೆರೆಯೂ ಹೆಚ್ಚು ಕಡಿಮೆ ಅದೇ 140. ಓದುವ ಮೊದಲು ಯಂತ್ರ ಒಂದು ಗಡಿ ಹಾಕಿಕೊಂಡು, ಅದಕ್ಕಿಂತ ಕಡಿಮೆ ಇದ್ದುದೆಲ್ಲ ಶಾಯಿ, ಹೆಚ್ಚಿದ್ದುದೆಲ್ಲ ಕಾಗದ ಎಂದು ತೀರ್ಮಾನಿಸುತ್ತದೆ. ಗಡಿಯನ್ನು 160ಕ್ಕೆ ಇಟ್ಟರೆ ಒಸರಿದ ಅಂಚೂ ಶಾಯಿಯ ಲೆಕ್ಕಕ್ಕೆ ಸೇರಿ ಸೀಳುಗಳು ಮುಚ್ಚಿಹೋಗುತ್ತವೆ, ಅಕ್ಷರಗಳು ಒಂದಕ್ಕೊಂದು ಅಂಟುತ್ತವೆ. 120ಕ್ಕೆ ಇಳಿಸಿದರೆ ಸೀಳು ತೆರೆದುಕೊಳ್ಳುತ್ತದೆ, ಆದರೆ ತೆಳು ಗೆರೆಗಳೂ ಜೊತೆಗೇ ಮಾಯವಾಗಿ ‘ಮ’ ಎರಡು ತುಂಡಾಗುತ್ತದೆ. ಒಂದೇ ತಿರುಪು, ಅತ್ತ ತಿರುಗಿಸಿದರೆ ಕೂಡುತ್ತದೆ, ಇತ್ತ ತಿರುಗಿಸಿದರೆ ಒಡೆಯುತ್ತದೆ. ಒಂದು ಇಡೀ ಪುಟಕ್ಕೆ ಒಪ್ಪುವ ಒಂದು ಗಡಿ ಹಳೆಯ ಪುಸ್ತಕಗಳಲ್ಲಿ ಸಿಗುವುದೇ ಅಪರೂಪ, ಏಕೆಂದರೆ ಅಚ್ಚಿನ ಒತ್ತಡವೇ ಪುಟದ ಉದ್ದಕ್ಕೂ ಒಂದೇ ಸಮನಾಗಿ ಬಿದ್ದಿರುವುದಿಲ್ಲ.

ಹಾಗಾದರೆ ಸರಿಯಾದ ಗಡಿಯನ್ನು ಹುಡುಕುತ್ತಾ ಕೂರುವುದು ಬೇಡ. ನಾನು ಮಾಡುವುದು ಇಷ್ಟು. ಒಂದೇ ಪುಟಕ್ಕೆ ಎರಡು ಗಡಿ ಹಾಕಿ ಎರಡು ಚಿತ್ರ ಮಾಡುತ್ತೇನೆ, ಎರಡನ್ನೂ ಬೇರೆ ಬೇರೆಯಾಗಿ ಓದಿಸುತ್ತೇನೆ.

```
convert puta.jpg -colorspace Gray -threshold 47% a.png
convert puta.jpg -colorspace Gray -threshold 62% b.png
tesseract a.png a -l kan --psm 6
tesseract b.png b -l kan --psm 6
```

ಮೊದಲನೆಯ ಚಿತ್ರದಲ್ಲಿ ಒಡಕು ಹೆಚ್ಚು, ಎರಡನೆಯದರಲ್ಲಿ ಅಂಟು ಹೆಚ್ಚು. ಎರಡು ಓದುಗಳನ್ನೂ ಅಕ್ಕಪಕ್ಕ ಇಟ್ಟು ಎಲ್ಲಿ ವ್ಯತ್ಯಾಸ ಬಂದಿದೆ ಎಂದು ನೋಡಿದರೆ, ಆ ಜಾಗಗಳಲ್ಲಿಯೇ ಶಾಯಿ ಅನುಮಾನದ್ದು. ಮೊದಲನೆಯದು ‘ಧನ’ ಎಂದು, ಎರಡನೆಯದು ‘ದನ’ ಎಂದು ಓದಿದರೆ ನನ್ನ ಕಣ್ಣು ಅಲ್ಲಿಗೆ ಹೋಗಬೇಕು. ಎರಡೂ ಒಪ್ಪಿದ ಕಡೆ ತಪ್ಪೇ ಇರುವುದಿಲ್ಲವೆಂದಲ್ಲ. ಆದರೆ ಪುಟದ ಪ್ರತಿ ಅಕ್ಷರವನ್ನೂ ಒಂದೇ ತೂಕದ ಅನುಮಾನದಿಂದ ನೋಡುವ ಆಯಾಸ ಇದರಿಂದ ಬಹಳ ತಗ್ಗುತ್ತದೆ.

ಇನ್ನು ‘ಮ’ಕಾರದ ವಿಷಯಕ್ಕೆ ಬರೋಣ. ಕನ್ನಡದ ಹಳೆಯ ಪುಟಗಳಲ್ಲಿ ಇಷ್ಟು ಕಾಡುವ ಅಕ್ಷರ ಇನ್ನೊಂದಿಲ್ಲ.

‘ಮ’ವನ್ನು ಬರೆದು ನೋಡಿ. ಎಡಗಡೆ ಒಂದು ‘ವ’, ಅದರ ಬಲಕ್ಕೆ ಒಂದು ಕೊಂಬು. ‘ವು’ವಿನಲ್ಲಿ ಇರುವುದೂ ಅದೇ, ಒಂದು ‘ವ’, ಒಂದು ಕೊಂಬು. ಎರಡೂ ಒಂದೇ ಆಗಿಬಿಡಬಾರದೆಂದು ಕನ್ನಡ ಲಿಪಿ ಒಂದು ಉಪಾಯ ಮಾಡಿಕೊಂಡಿದೆ. ‘ವು’, ‘ಪು’ಗಳಲ್ಲಿ ಕೊಂಬು ಬೇರೆ ಅಕ್ಷರಗಳ ಕೊಂಬಿನ ಹಾಗೆ ಸಾಲಿನ ಮೇಲೆ ನಿಲ್ಲದೆ ಅಡಿಗೆ ಇಳಿಯುತ್ತದೆ. ಮೊದಲ ಪೀಳಿಗೆಯ ಕನ್ನಡ ತಂತ್ರಾಂಶಗಳ ಫಾಂಟುಗಳಲ್ಲಂತೂ ‘ಮ’ ಎಂಬ ಇಡೀ ಅಕ್ಷರವೇ ಇರಲಿಲ್ಲ. ‘ವ’ದ ತುಂಡಿಗೆ ಸಾಮಾನ್ಯ ಕೊಂಬನ್ನು ಸೇರಿಸಿದರೆ ‘ಮ’, ಇಳಿದ ಕೊಂಬನ್ನು ಸೇರಿಸಿದರೆ ‘ವು’. ಈ ಎರಡು ತುಂಡುಗಳ ನಡುವಿನ ಬೆಸುಗೆ ಅಚ್ಚಿನಲ್ಲಿ ತೆಳುವಾಗಿ ಬಿದ್ದರೆ ಸಾಕು, ಯಂತ್ರ ‘ವ’ವನ್ನೂ ಕೊಂಬನ್ನೂ ಬೇರೆ ಬೇರೆಯಾಗಿ ಕಾಣುತ್ತದೆ, ‘ವು’ ಎಂದು ಬರೆಯುತ್ತದೆ.

ಹೀಗೆ ಒಡೆದ ‘ಮ’ದಲ್ಲಿ ಎರಡು ಜಾತಿ ಇವೆ. ಮೊದಲನೆಯದು ಮುಖ ನೋಡಿದ ಕೂಡಲೇ ಸಿಕ್ಕಿಬೀಳುವ ಜಾತಿ. ‘ಮಾಡಿ’ ಎಂಬುದು ‘ವಾುಡಿ’ ಆಗುತ್ತದೆ, ‘ಸ್ವಾಮಿ’ ‘ಸ್ವಾವಿು’ ಆಗುತ್ತದೆ, ‘ಮೇಲೆ’ ‘ವೆುೕಲೆ’ ಆಗುತ್ತದೆ. ಒಂದು ವ್ಯಂಜನಕ್ಕೆ ಎರಡು ಸ್ವರಗಳ ಗುರುತು ಒಟ್ಟಿಗೆ ಬರುವುದು ಕನ್ನಡದ ಕಾಗುಣಿತದಲ್ಲಿ ಇಲ್ಲವೇ ಇಲ್ಲ. ಇಳಿಯೂ ಕೊಂಬೂ ಒಂದೇ ಅಕ್ಷರಕ್ಕೆ ಬಂದಿದ್ದರೆ ಅದು ತಪ್ಪು ಎಂದು ಚಿತ್ರ ನೋಡದೆಯೇ ಹೇಳಬಹುದು, ಸರಿ ಏನೆಂಬುದನ್ನೂ ಹೇಳಬಹುದು. ಇಂಥವುಗಳನ್ನು ಒಂದು ಚಿಕ್ಕ ಪ್ರೋಗ್ರಾಮಿಗೆ ಒಪ್ಪಿಸಿ ನಿಶ್ಚಿಂತೆಯಿಂದ ಇರಬಹುದು.

```python
import re, unicodedata

def tiddu(s):
    s = re.sub('\u0CB5([\u0CBE\u0CBF\u0CC6])\u0CC1',
               '\u0CAE\\1', s)
    return unicodedata.normalize('NFC', s)
```

ಇಲ್ಲಿ `\u0CB5` ಎಂದರೆ ‘ವ’, `\u0CAE` ಎಂದರೆ ‘ಮ’, `\u0CC1` ಎಂದರೆ ಕೊಂಬು. ನಡುವಿನ ಮೂರು ಇಳಿ, ಗುಡಿಸು ಮತ್ತು ಏತ್ವ. ಕೊನೆಯ ಸಾಲು ಇನ್ನೊಂದು ಬಗೆಯ ಒಡಕಿಗೆ ಮದ್ದು. ‘ಮೇ’ಯಲ್ಲಿ ಏತ್ವ ಒಂದು, ದೀರ್ಘದ ಗುರುತು ಒಂದು ಎಂದು ಯಂತ್ರ ಎರಡಾಗಿ ಬರೆದಿರುತ್ತದೆ. ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಆದರೆ ಒಳಗೆ ಎರಡು ಸಂಕೇತಗಳಿರುವುದರಿಂದ ನಾಳೆ ಯಾರಾದರೂ ‘ಮೇಲೆ’ ಎಂದು ಹುಡುಕಿದರೆ ಆ ಪದ ಸಿಗದೆ ಹೋಗಬಹುದು. ಆ ಸಾಲು ಎರಡನ್ನೂ ಬೆಸೆದು ಒಂದಾಗಿಸುತ್ತದೆ.

ಎರಡನೆಯ ಜಾತಿ ಬಲು ಕಷ್ಟದ್ದು. ‘ಮ’ ಯಾವ ಸ್ವರದ ಗುರುತೂ ಇಲ್ಲದೆ ಒಡೆದರೆ ‘ವು’ ಆಗುತ್ತದೆ, ‘ವು’ ಎಂಬುದು ಕನ್ನಡದಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತದೆ. ‘ನಾಮ’ ಒಡೆದು ‘ನಾವು’ ಆಯಿತು ಎನ್ನಿ. ಎರಡೂ ಶುದ್ಧವಾದ ಪದಗಳು. ‘ಸಾಮ’ ಒಡೆದರೆ ‘ಸಾವು’. ಕಾಗುಣಿತ ಪರೀಕ್ಷಿಸುವ ಯಾವ ತಂತ್ರಾಂಶವೂ ಇಲ್ಲಿ ಕೆಂಪು ಗೆರೆ ಎಳೆಯುವುದಿಲ್ಲ. ನಾನು ಮೊದಮೊದಲು ಇಂಥ ಕಡೆ ವಾಕ್ಯದ ಅರ್ಥ ನೋಡಿ ತಿದ್ದುತ್ತಿದ್ದೆ. ಹಾಗೆ ತಿದ್ದಬಾರದೆಂದು ಕಲಿಸಿದವರು ನಮ್ಮ ಬೀದಿಯಲ್ಲೇ ಇರುವ ಹಿರಿಯರೊಬ್ಬರು. ಮೂವತ್ತು ವರ್ಷ ಮುದ್ರಣಾಲಯದಲ್ಲಿ ಮೊಳೆ ಜೋಡಿಸಿದವರು. ಪುಟವನ್ನು ತೋರಿಸಿದಾಗ ಅವರು ವಾಕ್ಯವನ್ನು ಓದಲೇ ಇಲ್ಲ. ಒಂದು ಪೋಸ್ಟ್ ಕಾರ್ಡಿನ ಅಂಚನ್ನು ಸಾಲಿನ ಅಡಿಗೆ ಸರಿಯಾಗಿ ಹಿಡಿದರು.

“ಕೊಂಬು ಕಾರ್ಡಿನ ಕೆಳಗೆ ಇಳಿದಿದೆಯಾ ನೋಡಪ್ಪ. ಇಳಿದಿಲ್ಲ ತಾನೆ? ಹಾಗಾದರೆ ಅದು ‘ಮ’. ಅರ್ಥ ಆಮೇಲೆ ನೋಡಿಕೋ.”

ಅಂದಿನಿಂದ ನಾನೂ ಹಾಗೆಯೇ ಮಾಡುತ್ತೇನೆ. ಚಿತ್ರದ ಮೇಲೆ ಸಾಲಿನ ಬುಡಕ್ಕೆ ಸಮನಾಗಿ ಒಂದು ಗೆರೆ ಎಳೆದು, ಕೊಂಬು ಅದನ್ನು ದಾಟಿದೆಯೋ ಇಲ್ಲವೋ ಎಂದು ಮೊದಲು ನೋಡುವುದು. ಬೆಸುಗೆ ಮುರಿದಿದ್ದರೂ ಕೊಂಬು ನಿಂತ ಎತ್ತರ ಸುಳ್ಳು ಹೇಳುವುದಿಲ್ಲ.

‘ಯ’ ಇದೇ ಮನೆತನದ್ದು. ಅದರ ಎಡಗಡೆಯ ಸುರುಳಿ ಬೇರೆಯಾದರೆ ಯಂತ್ರಕ್ಕೆ ಸೊನ್ನೆಯಂತೆ ಕಾಣುತ್ತದೆ, ಉಳಿದ ಭಾಗ ‘ರು’ವಿನಂತೆ ಕಾಣುತ್ತದೆ. ‘ವಿಷಯ’ ಹೋಗಿ ‘ವಿಷಂರು’ ಬರುತ್ತದೆ, ‘ಸಮಯ’ ಹೋಗಿ ‘ಸಮಂರು’. ಪುಟದಲ್ಲಿ ‘ಂರು’ ಎಂದು ಹುಡುಕಿದರೆ ಇಂಥವು ಸಾಲುಸಾಲಾಗಿ ಸಿಗುತ್ತವೆ. ಆದರೆ ‘ಂರ’ ಎಂದು ಹುಡುಕಿ ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೊರಟರೆ ‘ಸಂರಕ್ಷಣೆ’ ಕೆಟ್ಟುಹೋಗುತ್ತದೆ. ಒಂದೊಂದನ್ನೂ ನೋಡಿಯೇ ಒಪ್ಪಬೇಕು.

ನಮ್ಮ ‘ದವು೯ಕೆ’ಯಲ್ಲಿ ಉಳಿದದ್ದು ಅರ್ಕಾವೊತ್ತು ಮತ್ತು ಒತ್ತಕ್ಷರ. ಅರ್ಕಾವೊತ್ತಿನ ಆಕಾರವೂ ಕನ್ನಡದ ಒಂಬತ್ತರ ಅಂಕಿಯೂ ನೋಡಲು ಒಂದೇ. ಯಂತ್ರ ಅದನ್ನು ಅಂಕಿಯೆಂದು ಓದಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ತೊಡಕಿರುವುದು ತಿದ್ದುವಾಗ. ಕಾಗದದ ಮೇಲೆ ಅರ್ಕಾವೊತ್ತು ‘ಮ’ದ ನಂತರ ಇದೆ. ಉಚ್ಚಾರದಲ್ಲಿ ‘ರ್’ ಮೊದಲು, ‘ಮ’ ಆಮೇಲೆ. ಯುನಿಕೋಡ್ ಉಚ್ಚಾರದ ಕ್ರಮವನ್ನು ಹಿಡಿದಿದೆ. ಆದ್ದರಿಂದ ‘೯’ ಅನ್ನು ಅಳಿಸಿ ಅದೇ ಜಾಗದಲ್ಲಿ ‘ರ್’ ಬರೆದರೆ ‘ಧಮರ್’ ಎಂದಾಗುತ್ತದೆ. ಅಂಕಿಯನ್ನು ಅಳಿಸಿ, ಹಿಂದಿನ ಇಡೀ ಅಕ್ಷರವನ್ನು ದಾಟಿ ಅದರ ಮುಂದಕ್ಕೆ ‘ರ್’ ಹಾಕಬೇಕು. ‘ಕಣಾ೯ಟಕ’ದಲ್ಲಿ ‘ಣಾ’ ಎಂಬುದನ್ನು ಇಳಿಯ ಸಮೇತ ದಾಟಬೇಕು. ಆಗ ‘ಕರ್ಣಾಟಕ’. ಇದಕ್ಕೂ ಪ್ರೋಗ್ರಾಮು ಬರೆಯಬಹುದು, ಬರೆದಿದ್ದೇನೆ. ಆದರೆ ಒಂದು ಸಲ ಅದು ಪುಟದ ತಲೆಯಲ್ಲಿ ಜಾಗ ಬಿಡದೆ ಅಂಟಿಕೊಂಡಿದ್ದ ‘ಪುಟ೯’ ಎಂಬುದನ್ನು ‘ಪುರ್ಟ’ ಎಂದು ಮಾಡಿಟ್ಟಿತ್ತು. ಅಂದಿನಿಂದ ಪುಟಸಂಖ್ಯೆ ಇರುವ ಸಾಲುಗಳನ್ನು ಮೊದಲೇ ತೆಗೆದಿಟ್ಟು ಆಮೇಲೆ ಅದನ್ನು ಓಡಿಸುತ್ತೇನೆ.

ಒತ್ತಕ್ಷರದ ತಾಪತ್ರಯ ಸಾಲಿನ ನಡುವಿನದು. ಯಂತ್ರ ಮೊದಲು ಪುಟವನ್ನು ಸಾಲುಗಳಾಗಿ ಕತ್ತರಿಸುತ್ತದೆ. ಎರಡು ಸಾಲುಗಳ ನಡುವೆ ಬಿಳಿಯ ಪಟ್ಟಿ ಎಲ್ಲಿದೆ ಎಂದು ಹುಡುಕುತ್ತದೆ. ಕನ್ನಡದಲ್ಲಿ ಆ ಪಟ್ಟಿಯೊಳಗೇ ಒತ್ತುಗಳು ನೇತಾಡುತ್ತಿರುತ್ತವೆ. ಕಾಗದ ಉಳಿಸಲೆಂದು ಸಾಲುಗಳನ್ನು ಒತ್ತಾಗಿ ಜೋಡಿಸಿದ ಪುಸ್ತಕಗಳಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ಮುಟ್ಟಿಯೇಬಿಡುತ್ತದೆ. ಕತ್ತರಿ ಒತ್ತಿನ ಮೇಲ್ಭಾಗದಲ್ಲಿ ಬಿದ್ದರೆ ‘ಅಕ್ಕ’ ‘ಅಕ’ ಆಗಿ, ಒತ್ತು ಕೆಳಗಿನ ಸಾಲಿಗೆ ಸೇರುತ್ತದೆ. ಆದ್ದರಿಂದ ಸಾಲಿನ ನಡುವೆ ಅರ್ಥವಿಲ್ಲದ ಒಂಟಿ ವ್ಯಂಜನ ಕಂಡರೆ ಅದನ್ನು ಕಸವೆಂದು ಅಳಿಸಬೇಡಿ. ಅದರ ನೇರ ಮೇಲೆ, ಸ್ವಲ್ಪ ಎಡಕ್ಕೆ, ಒತ್ತು ಕಳೆದುಕೊಂಡ ಅಕ್ಷರ ಇರುತ್ತದೆ. ಎಡಕ್ಕೆ ಏಕೆಂದರೆ ಹಳೆಯ ಮೊಳೆಗಳಲ್ಲಿ ಒತ್ತು ಅಕ್ಷರದ ಕೆಳಗೆ ಬಲಕ್ಕೆ ಸರಿದು ಕೂರುವುದೇ ಹೆಚ್ಚು.

ಅಂಟಿಕೊಂಡ ಅಕ್ಷರಗಳನ್ನು ಯಂತ್ರವೇ ಬಿಡಿಸುವಂತೆ ಮಾಡುವ ಪ್ರಯತ್ನಗಳು ನಡೆದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ಹಳೆಯ ಕನ್ನಡ ಪುಟಗಳ ಇದೇ ಸಮಸ್ಯೆಯ ಮೇಲೆ ಕೆಲಸ ಮಾಡಿದೆ. ‘ಲಿಪಿ ಜ್ಞಾನಿ’ ಎಂಬ ಕನ್ನಡ ಓದುಯಂತ್ರ ಅಲ್ಲಿಯದು. ಈ ಬಗೆಯ ವಿಧಾನಗಳ ಹಿಂದಿನ ಯೋಚನೆ ಸರಳ. ಒಂದು ತುಂಡು ಸಾಮಾನ್ಯ ಅಕ್ಷರಕ್ಕಿಂತ ತೀರ ಅಗಲವಾಗಿದ್ದರೆ ಅದು ಎರಡು ಅಂಟಿದ ಅಕ್ಷರ ಇರಬಹುದು. ಗೆರೆ ತೆಳುವಾಗಿರುವ ಕಡೆಗಳಲ್ಲಿ ಕತ್ತರಿಸಿ, ಎರಡೂ ಹೋಳುಗಳನ್ನು ಓದಿಸಿ ನೋಡಬೇಕು. ಯಾವ ಕಡಿತದಲ್ಲಿ ಎರಡು ಹೋಳೂ ಚೆನ್ನಾಗಿ ಗುರುತು ಸಿಗುತ್ತವೋ ಅದೇ ಸರಿಯಾದ ಕಡಿತ. ಅಡುಗೆಮನೆಯಲ್ಲಿ ಒಂದಕ್ಕೊಂದು ಅಂಟಿದ ಎರಡು ಚಪಾತಿಗಳನ್ನು ಸಡಿಲವಿರುವ ಅಂಚು ಹುಡುಕಿ ಬಿಡಿಸುವ ಹಾಗೆ. ಅಂಟು ಸಡಿಲವಾಗಿದ್ದರೆ ಇದು ಚೆನ್ನಾಗಿ ನಡೆಯುತ್ತದೆ. ‘ಧ’ದ ಸೀಳು ಮುಚ್ಚಿದಾಗ ಮಾತ್ರ ಇದರಿಂದ ಉಪಯೋಗವಿಲ್ಲ, ಏಕೆಂದರೆ ಅಲ್ಲಿ ತುಂಡಿನ ಅಗಲ ಬದಲಾಗುವುದಿಲ್ಲ, ಹಾಗೆ ಬಂದ ‘ದ’ ಕೂಡ ಒಂದು ಒಳ್ಳೆಯ ಅಕ್ಷರವೇ.

2018ರಲ್ಲಿ ಬಂದ ಟೆಸರಾಕ್ಟ್ 4 ಅಕ್ಷರಗಳನ್ನು ಕತ್ತರಿಸುವ ಗೋಜಿಗೆ ಹೋಗದೆ ಇಡೀ ಸಾಲನ್ನು ಎಡದಿಂದ ಬಲಕ್ಕೆ ಒಂದೇ ಓಟದಲ್ಲಿ ಓದುತ್ತದೆ. ಒಡಕು ಅಂಟುಗಳ ತಪ್ಪು ಇದರಿಂದ ಕಡಿಮೆಯಾಗುತ್ತದೆ. ಆದರೆ ಅಕ್ಕಪಕ್ಕದ ಅಕ್ಷರಗಳ ಅಭ್ಯಾಸಬಲದಿಂದ ಊಹಿಸುವುದೂ ಅದರೊಳಗೆ ಇದೆ. ಹಳೆಯ ಯಂತ್ರ ‘ವಾುಡಿ’ ಎಂದು ಬರೆದು ತನ್ನ ತಪ್ಪನ್ನು ತಾನೇ ತೋರಿಸಿಕೊಡುತ್ತಿತ್ತು. ಹೊಸದು ನಯವಾದ, ಓದಲು ಸರಿಯೆನಿಸುವ ಇನ್ನೊಂದು ಪದವನ್ನೇ ಇಟ್ಟುಬಿಡಬಹುದು. ತಿದ್ದುವವರಿಗೆ ಇದು ಮೊದಲಿನದಕ್ಕಿಂತ ಅಪಾಯದ ತಪ್ಪು.

ಅಪಾಯ ತಿದ್ದುವವರ ಕಡೆಯಿಂದಲೂ ಇದೆ. ಹಳೆಯ ಪುಸ್ತಕಗಳಲ್ಲಿ ‘ಱ’ ಮತ್ತು ‘ೞ’ ಬರುತ್ತವೆ. ಮಂಗಳೂರಿನ ಬಾಸೆಲ್ ಮಿಷನ್ 1894ರಲ್ಲಿ ಪ್ರಕಟಿಸಿದ ಕಿಟೆಲ್ ಅವರ ನಿಘಂಟಿನಲ್ಲಿ ಇವು ತಮ್ಮ ತಮ್ಮ ಜಾಗದಲ್ಲಿ ಕೂತಿವೆ. ಈಗಿನ ಕೈಗಳಿಗೆ ಇವು ಕೆಟ್ಟ ‘ರ’, ಕೆಟ್ಟ ‘ಳ’ಗಳಂತೆ ಕಂಡು, ಹಾಗೆಯೇ ಬದಲಾಗಿಬಿಡುತ್ತವೆ. ‘ೞ’ದ ಪಾಡು ಇನ್ನೂ ವಿಚಿತ್ರ. ಯುನಿಕೋಡಿನಲ್ಲಿ `U+0CDE` ಎಂಬ ಅದರ ಸ್ಥಾನಕ್ಕೆ `KANNADA LETTER FA` ಎಂದು ತಪ್ಪು ಹೆಸರು ಬಿದ್ದಿದೆ, ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವ ನಿಯಮ ಅಲ್ಲಿ ಇಲ್ಲದ್ದರಿಂದ ಹಾಗೆಯೇ ಉಳಿದಿದೆ. ಪಟ್ಟಿಯಲ್ಲಿ ಹುಡುಕುವವರು ಇದು ತಮಗೆ ಬೇಕಾದದ್ದಲ್ಲ ಎಂದುಕೊಂಡು ಮುಂದೆ ಹೋಗುತ್ತಾರೆ. ಮುದ್ರಕರೇ ಮಾಡಿದ ತಪ್ಪುಗಳೂ ಇರುತ್ತವೆ. ಅವನ್ನು ಇದ್ದ ಹಾಗೆಯೇ ಉಳಿಸಿ, ಪಕ್ಕದಲ್ಲಿ ಗುರುತು ಹಾಕಬೇಕು. ನಮ್ಮ ಕೆಲಸ ಯಂತ್ರದ ತಪ್ಪನ್ನು ತಿದ್ದುವುದು, ಪುಸ್ತಕವನ್ನು ತಿದ್ದುವುದಲ್ಲ.

ಕನ್ನಡ ವಿಕಿಸೋರ್ಸ್‌ನಲ್ಲಿ ಒಬ್ಬರು ಚಿತ್ರದೊಡನೆ ಹೋಲಿಸಿ ತಿದ್ದಿದ ಪುಟಕ್ಕೆ ಹಳದಿ ಬಣ್ಣ, ಬೇರೊಬ್ಬರು ಮತ್ತೆ ನೋಡಿ ಒಪ್ಪಿದರೆ ಹಸಿರು. ಅದೇ ವ್ಯಕ್ತಿ ಎರಡನ್ನೂ ಮಾಡುವಂತಿಲ್ಲ. ಹಿಂದೆ ಮುದ್ರಣಾಲಯಗಳಲ್ಲಿ ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಿ ಇನ್ನೊಬ್ಬರು ಕರಡಚ್ಚಿನ ಮೇಲೆ ಕಣ್ಣಾಡಿಸುತ್ತಿದ್ದರು. ನಾನೂ ಆ ಹಿರಿಯರೂ ಕೆಲವು ಸಂಜೆ ಹಾಗೆಯೇ ಕೂರುತ್ತೇವೆ. ಚಿತ್ರ ನೋಡುತ್ತಾ ಅವರು ಓದುತ್ತಾರೆ, ತೆರೆಯ ಮೇಲಿನ ಪಠ್ಯವನ್ನು ನಾನು ನೋಡುತ್ತೇನೆ. ‘ನಾಮ’, ‘ನಾವು’ ಕಿವಿಗೆ ತಕ್ಷಣ ಬೇರೆಯಾಗುತ್ತವೆ. ‘ಮರ’, ‘ಮಠ’ಗಳೂ ಅಷ್ಟೇ. ‘ರ’ದ ಹೊಟ್ಟೆಯಲ್ಲಿ ಧೂಳಿನ ಒಂದು ಚುಕ್ಕೆ ಬಿದ್ದು ‘ಮರದ ಕೆಳಗೆ’ ಎಂಬುದು ‘ಮಠದ ಕೆಳಗೆ’ ಆಗಿದ್ದನ್ನು ಹಿಡಿದದ್ದು ಕಿವಿಯೇ. ‘ದ’, ‘ಧ’ಗಳು ಮಾತ್ರ ಓದುವ ರಭಸದಲ್ಲಿ ಒಂದೇ ಆಗಿಬಿಡುತ್ತವೆ. ಅದಕ್ಕೆ ಅವರು ಸೀಳು ಕಂಡ ಕಡೆಯೆಲ್ಲ ಪದದ ಕೊನೆಗೆ “ಮಹಾಪ್ರಾಣ” ಎಂದು ಸೇರಿಸಿ ಹೇಳುತ್ತಾರೆ.

ಆ ದತ್ತಿಯ ಪುಸ್ತಕದಲ್ಲಿ ಒಂದು ಪದ ಹೀಗೆಯೇ ನಿಂತುಹೋಗಿತ್ತು. ದೇವಸ್ಥಾನಕ್ಕೆ ಊರಿನವರು ಕೊಟ್ಟದ್ದು ‘ದನ’ವೋ ‘ಧನ’ವೋ? ಸಾಲಿನ ಅರ್ಥ ಎರಡಕ್ಕೂ ಒಪ್ಪುತ್ತಿತ್ತು. ಅಕ್ಷರದ ಅಡಿ ಪೂರ್ತಿ ಕಪ್ಪಾಗಿತ್ತು. ಗಡಿಯನ್ನು ಎಷ್ಟು ಇಳಿಸಿದರೂ ಅಲ್ಲಿ ಬೆಳಕು ಬರಲಿಲ್ಲ. ನಾನು ಆ ಪುಟಕ್ಕೆ ಅನುಮಾನದ ಗುರುತು ಹಾಕಿ ಬಿಟ್ಟಿದ್ದೆ. ಒಂದೇ ಮೊಳೆಯಿಂದ ಅಚ್ಚಾದರೂ ಪ್ರತಿಯಿಂದ ಪ್ರತಿಗೆ ಶಾಯಿ ಒಂದೇ ರೀತಿ ಬೀಳುವುದಿಲ್ಲ, ಇನ್ನೊಂದು ಪ್ರತಿ ಸಿಕ್ಕರೆ ನೋಡು ಎಂದು ಹಿರಿಯರು ಹೇಳಿದ್ದರು. ಕೆಲವು ತಿಂಗಳ ಮೇಲೆ ಬೇರೆ ಊರಿನ ಗ್ರಂಥಾಲಯದಲ್ಲಿ ಅದೇ ಮುದ್ರಣದ ಇನ್ನೊಂದು ಪ್ರತಿ ಸಿಕ್ಕಿತು. ಪುಟ ತೆರೆದು ಭೂತಗನ್ನಡಿ ಹಿಡಿದೆ. ಅಕ್ಷರದ ಅಡಿಯಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಇತ್ತು. ಫೋನು ಮಾಡಿ “ಸಾರ್, ಮಹಾಪ್ರಾಣ” ಎಂದೆ.